ಏಳು ಸಾವಿರದ ನಾನ್ನೂರ ಎರಡು ರೂಪಾಯಿಯ ಲೆಕ್ಕ
(ಪುಣೆಯ ಕನ್ನಡಿಗರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ಕಳೆದ ವರ್ಷ ನಮ್ಮ ಪರಿಚಿತರೊಬ್ಬರು ಮಗನ ವೇತನ ಚೀಟಿಯನ್ನು ಹಿಡಿದು ನನ್ನ ಕಚೇರಿಗೆ ಬಂದರು. ನೇಮಕಾತಿ ಪತ್ರದಲ್ಲಿ ವಾರ್ಷಿಕ ಆರು ಲಕ್ಷ ಎಂದಿತ್ತು. ತಿಂಗಳಿಗೆ 50,000 ಬರುವುದೆಂದು ನಂಬಿ ಮನೆಬಾಡಿಗೆ ಮತ್ತು ಶಿಕ್ಷಣ ಸಾಲದ ಕಂತನ್ನು ಗೊತ್ತುಮಾಡಿಕೊಂಡಿದ್ದರು. ಖಾತೆಗೆ ಬಂದದ್ದು 42,598. "ಉಳಿದದ್ದನ್ನು ಕಂಪನಿ ನುಂಗಿತೋ, ಇವನೇ ಬಚ್ಚಿಟ್ಟನೋ?" ಎಂದು ತಂದೆ ಕೇಳಿದಾಗ, ಮಗ ತಲೆ ತಗ್ಗಿಸಿ ಕುಳಿತಿದ್ದ. ಆ 7,402 ರೂಪಾಯಿ ಎಲ್ಲಿ ಹೋಯಿತೆಂಬುದೇ ಇಂದಿನ ನನ್ನ ಮಾತು.

ಮೊದಲು ತಿಳಿಯಬೇಕಾದದ್ದು, ಆರು ಲಕ್ಷವೆಂಬುದು ಸಂಬಳವಲ್ಲ, ಸಿಟಿಸಿ. ಅಂದರೆ ಒಬ್ಬ ನೌಕರನಿಗಾಗಿ ಕಂಪನಿ ಮಾಡುವ ಒಟ್ಟು ವೆಚ್ಚ. ಆ ಹುಡುಗನ ಮೂಲ ವೇತನ 25,000, ಮನೆ ಬಾಡಿಗೆ ಭತ್ಯೆ 10,000, ವಿಶೇಷ ಭತ್ಯೆ 10,798. ಈ ಮೂರರ ಮೊತ್ತ 45,798. ಇದೇ ಒಟ್ಟು ವೇತನ. 50,000ಕ್ಕೆ ಉಳಿದ 4,202 ರೂಪಾಯಿ ಚೀಟಿಯ ಗಳಿಕೆಯ ಭಾಗಕ್ಕೆ ಬರಲೇ ಇಲ್ಲ. ಅದರಲ್ಲಿ 3,000 ಭವಿಷ್ಯ ನಿಧಿಗೆ ಕಂಪನಿ ಕಟ್ಟುವ ಪಾಲು, ಮೂಲ ವೇತನದ ಶೇಕಡಾ 12. ಮಿಕ್ಕ 1,202 ಗ್ರಾಚ್ಯುಯಿಟಿಗಾಗಿ ಕಂಪನಿ ತೆಗೆದಿಡುವ ಹಣ; ಖಾಯಂ ನೌಕರನಿಗೆ ಅದು ಸಾಮಾನ್ಯವಾಗಿ ಐದು ವರ್ಷದ ಸತತ ಸೇವೆಯ ಬಳಿಕವೇ ದಕ್ಕುತ್ತದೆ. ಎರಡು ವರ್ಷದಲ್ಲಿ ಕಂಪನಿ ಬದಲಿಸುವವರು ಈ ಮೊತ್ತವನ್ನು ತಮ್ಮದೆಂದು ಎಣಿಸಬಾರದು.

ಇನ್ನು ಕಡಿತಗಳು. ನೌಕರನ ಪಾಲಿನ ಭವಿಷ್ಯ ನಿಧಿ ಮತ್ತೆ 3,000. ಮಹಾರಾಷ್ಟ್ರ ಸರ್ಕಾರದ ವೃತ್ತಿ ತೆರಿಗೆ 200; ಫೆಬ್ರವರಿಯಲ್ಲಿ ಮಾತ್ರ 300, ಹೀಗೆ ವರ್ಷಕ್ಕೆ 2,500. ಆದಾಯ ತೆರಿಗೆ ಸೊನ್ನೆ. 2025-26ರ ಹೊಸ ಪದ್ಧತಿಯಲ್ಲಿ ಸಂಬಳದಾರರಿಗೆ 75,000 ಪ್ರಮಾಣಿತ ಕಡಿತವಿದ್ದು, ತೆರಿಗೆಗೊಳಪಡುವ ಆದಾಯ 12 ಲಕ್ಷದವರೆಗಿದ್ದರೆ ರಿಯಾಯಿತಿಯಿಂದ ತೆರಿಗೆ ಇಲ್ಲವಾಗುತ್ತದೆ. ಆದ್ದರಿಂದ ಇವನು ಬಾಡಿಗೆ ರಸೀದಿ ಕೊಟ್ಟರೂ ಕೊಡದಿದ್ದರೂ ಕೈಗೆ ಬರುವ ಹಣದಲ್ಲಿ ವ್ಯತ್ಯಾಸವಿರಲಿಲ್ಲ.

ಈಗ ಕೂಡಿಸಿ: 3,000, 1,202, 3,000, 200. ಒಟ್ಟು 7,402. ಇದರಲ್ಲಿ ಆರು ಸಾವಿರ ಹುಡುಗನದೇ ಹಣ, ಅವನ ಹೆಸರಿನಲ್ಲಿಯೇ ಬಡ್ಡಿ ಗಳಿಸುತ್ತಿರುವ ಹಣ. ನಿಜವಾಗಿ ಕೈಬಿಟ್ಟು ಹೋದದ್ದು 200 ಮಾತ್ರ.

ಆದರೆ ಚೀಟಿಯಲ್ಲಿ ಕಡಿತವಾಗಿದೆ ಎಂದ ಮಾತ್ರಕ್ಕೆ ಹಣ ನಿಧಿಯನ್ನು ತಲುಪಿದೆ ಎಂದರ್ಥವಲ್ಲ. ಒಂದು ತಿಂಗಳ ಹಣವನ್ನು ಮುಂದಿನ ತಿಂಗಳ 15ರೊಳಗೆ ಕಂಪನಿ ಕಟ್ಟಬೇಕು. ಚೀಟಿಯ ಮೇಲಿರುವ ಯುಎಎನ್ ಸಂಖ್ಯೆಯಿಂದ ಭವಿಷ್ಯ ನಿಧಿಯ ಪಾಸ್‌ಬುಕ್ ತೆರೆದು ನೋಡಿರೆಂದು ಹೇಳಿದೆ. ಅಲ್ಲಿಯೇ ದೋಷವೊಂದು ಸಿಕ್ಕಿತು. ನೌಕರನ ಕಾಲಮಿನಲ್ಲಿ 3,000 ಸರಿಯಾಗಿತ್ತು. ಕಂಪನಿಯ 3,000 ಮಾತ್ರ ಒಡೆದುಹೋಗಿತ್ತು: ನಿಧಿಗೆ 1,750, ಪಿಂಚಣಿಗೆ 1,250.

ಮೊದಲ ಬಾರಿಗೆ ಸದಸ್ಯರಾಗುವಾಗಲೇ ಮೂಲ ವೇತನ 15,000ಕ್ಕಿಂತ ಹೆಚ್ಚಿದ್ದರೆ, 2014ರ ಸೆಪ್ಟೆಂಬರಿನಿಂದ ಅಂಥವರು ಪಿಂಚಣಿ ಯೋಜನೆಗೆ ಸೇರುವಂತಿಲ್ಲ. ಕಂಪನಿಯ ಪಾಲು ಪೂರ್ತಿಯಾಗಿ ನಿಧಿಗೇ ಹೋಗಬೇಕು. ಪಿಂಚಣಿಯ ಕಾಲಮು ಸೊನ್ನೆಯಿರಬೇಕು. ಲೆಕ್ಕ ವಿಭಾಗದವರು ಅಭ್ಯಾಸಬಲದಿಂದ ಎಲ್ಲರನ್ನೂ ಒಂದೇ ಪಟ್ಟಿಗೆ ಸೇರಿಸಿದ್ದರು. ಇಂಥ ತಪ್ಪು ವರ್ಷಗಳ ನಂತರ, ಹಣ ಹಿಂಪಡೆಯುವಾಗಲೋ ವರ್ಗಾಯಿಸುವಾಗಲೋ ಅರ್ಜಿಗೆ ಅಡ್ಡಬರುತ್ತದೆ. ಆಗ ಹಳೆಯ ಕಂಪನಿಯ ಬಾಗಿಲು ತಟ್ಟುವುದು ಸುಲಭವಲ್ಲ. ಮೂರನೆಯ ತಿಂಗಳಿನಲ್ಲಿಯೇ ಗೊತ್ತಾದುದರಿಂದ ಆ ಹುಡುಗ ಲಿಖಿತ ಮನವಿ ಕೊಟ್ಟು, ಕಂಪನಿಯ ಮೂಲಕವೇ ಸರಿಪಡಿಸಿಕೊಂಡ. ಸದಸ್ಯರಾಗುವಾಗ ಮೂಲ ವೇತನ 15,000 ಅಥವಾ ಅದಕ್ಕಿಂತ ಕಡಿಮೆಯಿದ್ದವರಿಗಾದರೆ ಪಿಂಚಣಿಯ ಪಾಲು ಇರುವುದೇ ಸರಿ.

ಕೊನೆಯದಾಗಿ ತಂದೆ ಕೇಳಿದ ಪ್ರಶ್ನೆ: "ಕಂಪನಿ ಬಿಟ್ಟರೆ ಆ ದುಡ್ಡು ತೆಗೆದುಬಿಡಬಹುದಲ್ಲವೇ?" ತೆಗೆಯಬಹುದು, ಆದರೆ ಐದು ವರ್ಷದ ಸೇವೆ ತುಂಬುವ ಮೊದಲು ತೆಗೆದರೆ ಸಾಮಾನ್ಯವಾಗಿ ಅದು ತೆರಿಗೆಗೆ ಒಳಪಡುತ್ತದೆ. ಅದೇ ಯುಎಎನ್ ಸಂಖ್ಯೆಯನ್ನು ಹೊಸ ಕಂಪನಿಗೆ ಕೊಟ್ಟು ಹಣವನ್ನು ವರ್ಗಾಯಿಸಿಕೊಂಡರೆ ಹಿಂದಿನ ಸೇವೆಯೂ ಲೆಕ್ಕಕ್ಕೆ ಸೇರುತ್ತದೆ.

ಅಂದು ತಂದೆ ಮಗ ಇಬ್ಬರೂ 42,598ರಿಂದಲೇ ಮನೆಯ ಲೆಕ್ಕವನ್ನು ಹೊಸದಾಗಿ ಬರೆದುಕೊಂಡು ಹೋದರು. ಇಲ್ಲಿರುವ ಯುವಕರು ಇಂದು ರಾತ್ರಿ ತಮ್ಮ ಚೀಟಿಯನ್ನೂ ಪಾಸ್‌ಬುಕ್ಕನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಬೇಕೆಂದು ಕೋರಿ, ನನ್ನ ಮಾತು ಮುಗಿಸುತ್ತೇನೆ.