ಕೈ ತೆಗೆದ ಮೇಲೆ ಉಳಿಯುವ ಬಾಟಲಿ

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಿರಿಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



‘ನೀನು ಬೆಂಗಳೂರಿನಲ್ಲಿ ಮಾಡುವ ಕೆಲಸ ಏನು ಅಂತ ಹೇಳು’ ಎಂದು ಸಮಿತಿಯವರು ಕೇಳಿದರು. ವ್ಯಾಪಾರಿಗಳು ಕಳಿಸುವ ಸಾಮಾನಿನ ಫೋಟೋಗಳನ್ನು ತಿದ್ದಿ ಕೊಡುವುದು ನನ್ನ ಕೆಲಸ. ಅದನ್ನೆಲ್ಲ ಹೇಳಿದರೆ ನಿಮಗೂ ಬೇಸರ, ನನಗೂ ಬೇಸರ. ಅದರಲ್ಲಿ ಒಂದೇ ಒಂದನ್ನು ಹೇಳುತ್ತೇನೆ: ಫೋಟೋದಲ್ಲಿ ಸಾಮಾನು ಹಿಡಿದಿರುವ ಕೈಯನ್ನು ತೆಗೆಯುವುದು, ಆ ಕೈ ಮುಚ್ಚಿದ್ದ ಭಾಗವನ್ನು ಮತ್ತೆ ಕಟ್ಟುವುದು. ಉದಾಹರಣೆಗೆ ನಮ್ಮೂರಿನದೇ ಒಂದು ಜೇನಿನ ಬಾಟಲಿ ಇದೆ.

ನಮ್ಮ ಬೀದಿಯ ಅಕ್ಕ ಒಬ್ಬರು ಸ್ವಸಹಾಯ ಸಂಘದ ಕಡೆಯಿಂದ ಜೇನು ಮಾರುತ್ತಾರೆ. ಬಾಟಲಿಯನ್ನು ಕೈಯಲ್ಲಿ ಹಿಡಿದು, ಕಿಟಕಿ ಹತ್ತಿರ ನಿಂತು, ಮೊಬೈಲಿನಲ್ಲಿ ತೆಗೆದ ಫೋಟೋ ಕಳಿಸಿದ್ದರು. ವಾಟ್ಸಾಪಿನಲ್ಲಿ ತೋರಿಸುವುದಕ್ಕೆ ಅಷ್ಟು ಸಾಕು. ಆನ್‌ಲೈನ್ ಅಂಗಡಿಗೆ ಹಾಕುವಾಗ ಸಾಲದು. ಅಮೆಜಾನಿನಂಥ ಕಡೆ ಮುಖ್ಯ ಚಿತ್ರಕ್ಕೆ ಹಿನ್ನೆಲೆ ಅಚ್ಚ ಬಿಳಿ ಇರಬೇಕು, ಚೌಕಟ್ಟಿನ ಶೇಕಡಾ 85ರಷ್ಟನ್ನು ಸಾಮಾನೇ ತುಂಬಿರಬೇಕು. ಅಕ್ಕನ ಫೋಟೋದಲ್ಲಿ ಬಲಗಡೆಯಿಂದ ಬಂದ ಕೈ ಬಾಟಲಿಯ ಕೆಳಭಾಗವನ್ನು ಹಿಡಿದಿತ್ತು. ಅಂಗೈ ಬಲಬದಿಯ ಬುಡವನ್ನು ಮುಚ್ಚಿತ್ತು, ಹೆಬ್ಬೆರಳು ಲೇಬಲಿನ ಬಲಭಾಗದ ಮೇಲೆ ಕೂತಿತ್ತು, ಉಳಿದ ಬೆರಳುಗಳು ಹಿಂದಿನಿಂದ ಸುತ್ತಿಕೊಂಡು ಎಡ ಅಂಚಿನಲ್ಲಿ ತುದಿ ಮಾತ್ರ ಕಾಣುತ್ತಿದ್ದವು.

ಇಂಥ ಫೋಟೋ ಬಂದಾಗ ಮೊದಲು ಕಂಪ್ಯೂಟರ್ ಮುಟ್ಟುವುದಿಲ್ಲ. ಮುಚ್ಚಿಹೋದದ್ದರಲ್ಲಿ ಯಾವುದನ್ನು ಫೋಟೋದ ಉಳಿದ ಭಾಗವೇ ಹೇಳುತ್ತದೆ, ಯಾವುದನ್ನು ಹೇಳುವುದಿಲ್ಲ ಎಂದು ವಿಂಗಡಿಸಿಕೊಳ್ಳಬೇಕು. ಗಾಜಿನ ಆಕಾರವನ್ನು ಹೇಳುತ್ತದೆ, ಯಾಕೆಂದರೆ ದುಂಡು ಬಾಟಲಿಯ ಎಡಭಾಗ ಹೇಗೋ ಬಲಭಾಗವೂ ಹಾಗೆ. ಜೇನಿನ ಬಣ್ಣವನ್ನೂ ಹೇಳುತ್ತದೆ. ಲೇಬಲ್ ಮೇಲಿನ ಅಕ್ಷರವನ್ನು ಹೇಳುವುದಿಲ್ಲ. ಈ ಮೂರನೆಯದಕ್ಕೆ ಆಮೇಲೆ ಬರುತ್ತೇನೆ. ಜಗಳ ನಡೆದದ್ದು ಅಲ್ಲಿಯೇ.

ಮೊದಲ ಕೆಲಸ ಅಂಚು. ಫೋಟೋಶಾಪಿನಲ್ಲಿ ಪೆನ್ ಟೂಲ್ ಎಂದು ಇದೆ. ದುಡ್ಡು ಕೊಡಬೇಕಿಲ್ಲದ ಗಿಂಪ್‌ನಲ್ಲೂ ಅಂಥದೇ ಇದೆ. ಅದರಿಂದ ಬಾಟಲಿಯ ಮಧ್ಯೆ ನೆಟ್ಟಗೆ ಒಂದು ಗೆರೆ ಹಾಕುತ್ತೇನೆ. ಎಡಬದಿಯ ಅಂಚನ್ನು ಕುತ್ತಿಗೆಯಿಂದ ಬುಡದವರೆಗೆ ಎಳೆದು, ಆ ಗೆರೆಯ ಮೇಲೆ ಪುಸ್ತಕದ ಹಾಳೆ ಮಗುಚಿದಂತೆ ಬಲಕ್ಕೆ ಮಗುಚುತ್ತೇನೆ. ಬಲಬದಿಯ ಹೆಗಲು ಕೈಯ ಮೇಲೆ ಕಾಣುತ್ತಿದ್ದುದರಿಂದ ಮಗುಚಿದ ಗೆರೆ ಅದಕ್ಕೆ ಕೂಡಿತೋ ಇಲ್ಲವೋ ಎಂದು ಅಲ್ಲಿಯೇ ಗೊತ್ತಾಗುತ್ತದೆ. ಅಕ್ಕ ಬಾಟಲಿಯನ್ನು ತುಸು ಓರೆಯಾಗಿ ಹಿಡಿದಿದ್ದರು. ಫೋಟೋವನ್ನು ಎರಡು ಡಿಗ್ರಿ ತಿರುಗಿಸಿದ ಮೇಲೆ ಕೂಡಿತು.

ಬುಡದ ಬಾಗು ಮಾತ್ರ ಮೋಸ ಮಾಡುತ್ತದೆ. ಮುಚ್ಚಳದ ಅಂಚಿನ ಬಾಗನ್ನೇ ನಕಲು ಮಾಡಿ ಕೆಳಗೆ ಇಟ್ಟುಬಿಡುವವರು ಬಹಳ ಜನ. ಕ್ಯಾಮೆರಾ ಬಾಟಲಿಗಿಂತ ಸ್ವಲ್ಪ ಮೇಲಿರುವಾಗ ಕಣ್ಣಿನಿಂದ ಕೆಳಕ್ಕೆ ಹೋದಷ್ಟೂ ವೃತ್ತ ಹೆಚ್ಚು ತೆರೆದುಕೊಂಡು ಕಾಣುತ್ತದೆ. ನೀರು ತುಂಬಿದ ಲೋಟವನ್ನು ಕಣ್ಣಿನ ಮಟ್ಟಕ್ಕೆ ಹಿಡಿದರೆ ಅಂಚು ಬರೀ ಗೆರೆ. ಕೆಳಗಿಳಿಸುತ್ತಾ ಹೋದರೆ ಅದು ದುಂಡಾಗುತ್ತದೆ. ಹಾಗಾಗಿ ಬುಡದ ಬಾಗು ಮುಚ್ಚಳದ ಬಾಗಿಗಿಂತ ಹೆಚ್ಚಿರಬೇಕು. ಎರಡೂ ಒಂದೇ ಇದ್ದರೆ ಏನು ತಪ್ಪಾಗಿದೆ ಎಂದು ನೋಡುವವರಿಗೆ ಹೇಳಲು ಬರುವುದಿಲ್ಲ, ಬಾಟಲಿ ಸರಿಯಾಗಿ ಕೂತಿಲ್ಲ ಎಂದು ಮಾತ್ರ ಅನಿಸುತ್ತದೆ.

ಆಕಾರ ಸಿಕ್ಕಿತು, ಇನ್ನು ಎಡಭಾಗದ ಗಾಜನ್ನೇ ಮಗುಚಿ ಬಲಕ್ಕೆ ಅಂಟಿಸಿದರೆ ಆಯಿತಲ್ಲ ಎಂದು ನೀವು ಕೇಳಬಹುದು. ಕಿಟಕಿ ಇದ್ದದ್ದು ಎಡಕ್ಕೆ. ಎಡ ಅಂಚಿನ ಉದ್ದಕ್ಕೂ ಗಾಜಿನ ಮೇಲೆ ಒಂದು ಬಿಳಿ ಹೊಳಪಿನ ಪಟ್ಟೆ ಇತ್ತು. ಮಗುಚಿ ಅಂಟಿಸಿದರೆ ಬಲಕ್ಕೂ ಅದೇ ಪಟ್ಟೆ ಬಂದು, ಬಾಟಲಿ ಎರಡು ಕಿಟಕಿಗಳ ನಡುವೆ ನಿಂತಂತಾಗುತ್ತದೆ. ಹೆಗಲಿನ ಹತ್ತಿರ ಮಾತ್ರ ಆ ಎರಡನೆಯ ಕಿಟಕಿ ಇರುವುದಿಲ್ಲ.

ಈ ಕೆಲಸದಲ್ಲಿ ನಾನು ಕಲಿತ ಮುಖ್ಯ ಸಂಗತಿ ಇದು: ನೆಟ್ಟಗಿನ ದುಂಡು ವಸ್ತುವಿನಲ್ಲಿ ಆಕಾರವನ್ನು ಅಡ್ಡಲಾಗಿ ಸಾಲ ತರಬೇಕು, ಬೆಳಕನ್ನು ಉದ್ದಕ್ಕೆ ಸಾಲ ತರಬೇಕು. ಬಾಟಲಿಯ ಬಲ ಅಂಚು ಹೆಗಲಿನ ಕೆಳಗೆ ಎಷ್ಟು ಕಪ್ಪಗಿದೆಯೋ ಬುಡದ ತನಕ ಸುಮಾರು ಅಷ್ಟೇ ಕಪ್ಪಗಿರುತ್ತದೆ, ಏಕೆಂದರೆ ಆ ಗಾಜೆಲ್ಲ ಒಂದೇ ದಿಕ್ಕಿಗೆ ಮುಖ ಮಾಡಿದೆ. ಆದ್ದರಿಂದ ಹೆಬ್ಬೆರಳಿನ ಮೇಲೆ ಉಳಿದಿದ್ದ ಗಾಜನ್ನು ಒಂದು ಬೇರೆ ಲೇಯರಿಗೆ ನಕಲು ಮಾಡಿ ಕೆಳಕ್ಕೆ ಎಳೆದೆ. ಅದನ್ನು ಮಗುಚಿದ ಅಂಚಿನೊಳಗೆ ಮಾತ್ರ ಕಾಣುವಂತೆ ಮಾಸ್ಕ್ ಹಾಕಿದೆ. ಬುಡ ಒಳಕ್ಕೆ ತಿರುಗುವ ಬೆರಳಗಲದ ಜಾಗದಲ್ಲಿ ಮಾತ್ರ ಈ ನಿಯಮ ನಡೆಯುವುದಿಲ್ಲ. ಅಲ್ಲಿ ಎಡಬದಿಯ ತುಂಡನ್ನೇ ಮಗುಚಿ ತಂದು, ಹೊಳಪು ತಗ್ಗಿಸಬೇಕಾಯಿತು.

ಕೈ ಹೋದರೂ ಕೈಯ ಗುರುತು ಉಳಿಯುತ್ತದೆ. ಬೆರಳ ಪಕ್ಕದ ಗಾಜಿನಲ್ಲಿ ಚರ್ಮದ ಬಣ್ಣ ಪ್ರತಿಫಲಿಸಿರುತ್ತದೆ, ಲೇಬಲಿನ ಬಿಳಿ ಕಾಗದದ ಮೇಲೆ ಹೆಬ್ಬೆರಳಿನ ನೆರಳು ಬಿದ್ದಿರುತ್ತದೆ. ಬೆರಳಿನ ಗೆರೆಗೆ ಸರಿಯಾಗಿ ಕತ್ತರಿಸಿದರೆ ಇವೆಲ್ಲ ಉಳಿದು, ಬಾಟಲಿಯ ಮೇಲೆ ಬೆರಳಿನಾಕಾರದ ಮಬ್ಬು ಕಾಣುತ್ತದೆ. ಅದಕ್ಕೇ ಬೆರಳಿಗಿಂತ ಸಾಕಷ್ಟು ಹೊರಗಿನಿಂದ ಕತ್ತರಿಸಬೇಕು. ಜೇನಿನಲ್ಲಿ ಇನ್ನೂ ಒಂದು ತೊಡಕಿದೆ. ಜೇನು ಹೊಳೆಯುವುದು ಹಿಂದಿನಿಂದ ಬಂದ ಬೆಳಕು ಅದರೊಳಗಿನಿಂದ ಹಾಯ್ದಾಗ. ಹಿಂದಿದ್ದ ನಾಲ್ಕು ಬೆರಳು ಆ ಬೆಳಕನ್ನು ತಡೆದಿದ್ದವು. ಮುಂದಿನ ಹೆಬ್ಬೆರಳನ್ನು ಎಷ್ಟು ನಾಜೂಕಾಗಿ ತೆಗೆದರೂ ಲೇಬಲಿನ ಎಡ ಪಕ್ಕದ ಜೇನು ಹಳೆಯ ಬೆಲ್ಲದ ಹಾಗೆ ಕಪ್ಪಗೆ ಕಾಣುತ್ತಿತ್ತು. ಕೊಳ್ಳುವವರು ಬಣ್ಣ ನೋಡಿಯೇ ಜೇನು ಅಳೆಯುತ್ತಾರಲ್ಲ! ಮೇಲಿನ ತಿಳಿ ಭಾಗವನ್ನು ಅಲ್ಲಿಗೂ ಇಳಿಸಿದೆ. ಇಡೀ ಜೇನನ್ನು ಇನ್ನಷ್ಟು ಹೊಂಬಣ್ಣ ಮಾಡಬಹುದಿತ್ತು, ಮಾಡಲಿಲ್ಲ. ಬಾಟಲಿಯಲ್ಲಿ ಇದ್ದದ್ದು ಆ ಬಣ್ಣದ ಜೇನಲ್ಲ.

ಇನ್ನು ಲೇಬಲ್. ಹೆಬ್ಬೆರಳು ಮುಚ್ಚಿದ್ದ ಮೂಲೆಯಲ್ಲಿ ಇದ್ದದ್ದು ನಿವ್ವಳ ತೂಕ, ಬೆಲೆ ಮತ್ತು 14 ಅಂಕಿಯ ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ಸಂಖ್ಯೆ. ಫೋಟೋ ತಿದ್ದುವ ತಂತ್ರಾಂಶಗಳಲ್ಲಿ ಖಾಲಿ ಜಾಗವನ್ನು ತಾನೇ ತುಂಬುವ ಸೌಲಭ್ಯ ಇದೆ. ಅದು ಅಕ್ಕಪಕ್ಕದ ಚುಕ್ಕೆಗಳನ್ನು ನೋಡಿ ತುಂಬುತ್ತದೆ. ಗೋಡೆಗೆ, ಹುಲ್ಲಿಗೆ, ಬಟ್ಟೆಗೆ ಚೆನ್ನಾಗಿ ಒಗ್ಗುತ್ತದೆ. ಅಕ್ಷರಕ್ಕೆ ಬಳಸಿದರೆ ಕನ್ನಡದ ಹಾಗೆ ಕಾಣುವ, ಓದಿದರೆ ಏನೂ ಅಲ್ಲದ ಗೀಚು ಬರುತ್ತದೆ.

ಅಕ್ಕನಿಗೆ ಫೋನ್ ಮಾಡಿದೆ. ‘ಅಷ್ಟಕ್ಕೆ ಯಾಕೆ ತಲೆ ಕೆಡಿಸಿಕೊಳ್ತೀಯೋ, ಹೋದ ವರ್ಷದ ಬಾಟಲಿ ಫೋಟೋ ನಿನ್ನ ಹತ್ರಾನೇ ಇದೆಯಲ್ಲ, ಅದರ ಮೂಲೆ ತೆಗೆದು ಹಚ್ಚು’ ಎಂದರು. ಹೋದ ವರ್ಷದ ಬಾಟಲಿ 500 ಗ್ರಾಮಿನದು, ಇದು 400 ಗ್ರಾಮಿನದು. ‘ಅಕ್ಕಾ, ಫೋಟೋದಲ್ಲಿ 500 ನೋಡಿ ದುಡ್ಡು ಕಟ್ಟಿದವರ ಮನೆಗೆ 400 ಹೋಗುತ್ತೆ’ ಎಂದೆ. ‘ಅಷ್ಟು ಸಣ್ಣಕ್ಷರ ಯಾರು ಓದ್ತಾರೆ’ ಎಂದರು. ಒಂದು ವಾರ ಇಬ್ಬರಿಗೂ ಮಾತಿಲ್ಲ. ತೂಕ, ಬೆಲೆ, ತಯಾರಿಸಿದವರ ಹೆಸರು ವಿಳಾಸ ಪೊಟ್ಟಣದ ಮೇಲೆ ಇರಲೇಬೇಕು ಎಂದು 2011ರ ಪೊಟ್ಟಣ ಸಾಮಗ್ರಿಗಳ ನಿಯಮ ಹೇಳುತ್ತದೆ. ಗಾಜನ್ನು ನಾನು ಕಟ್ಟಿದರೆ ಅದು ತಿದ್ದುವಿಕೆ, ಆ ಅಂಕಿಯನ್ನು ನಾನು ಕಟ್ಟಿದರೆ ಅದು ಸುಳ್ಳು. ನನ್ನ ಮಟ್ಟಿಗೆ ಅಲ್ಲಿ ಗೆರೆ ಇದೆ.

ಕೊನೆಗೆ ಅಕ್ಕನೇ ತಾಲ್ಲೂಕಿನ ಮುದ್ರಣಾಲಯದಿಂದ ಲೇಬಲಿನ ಮೂಲ ಫೈಲ್ ಕಳಿಸಿಕೊಟ್ಟರು. ಅದು ಕೋರೆಲ್ ಡ್ರಾದಲ್ಲಿ, ನುಡಿ ಅಕ್ಷರದಲ್ಲಿ ಮಾಡಿದ್ದು. ನನ್ನ ಯಂತ್ರದಲ್ಲಿ ಆ ಅಕ್ಷರ ಇಲ್ಲದ್ದರಿಂದ ತೆರೆದರೆ ಬರೀ ಇಂಗ್ಲಿಷ್ ಕಲಸುಮೇಲೋಗರ. ಅಕ್ಷರಗಳನ್ನು ಕರ್ವ್ ಮಾಡಿಸಿ, ಪಿಡಿಎಫ್ ಮಾಡಿಸಿ ತರಿಸಿದೆ. ಅದರಲ್ಲೂ ಬೆಲೆಯ ಜಾಗ ಖಾಲಿ. ಬೆಲೆಯನ್ನು ಅವರು ಆಮೇಲೆ ರಬ್ಬರ್ ಸ್ಟ್ಯಾಂಪಿನಲ್ಲಿ ಒತ್ತುತ್ತಿದ್ದರು. ಆ ಮೂಲೆಯದಷ್ಟೇ ಇನ್ನೊಂದು ಫೋಟೋ ತರಿಸಿಕೊಂಡೆ.

ಚಪ್ಪಟೆ ಲೇಬಲನ್ನು ದುಂಡು ಬಾಟಲಿಗೆ ಹಚ್ಚುವಾಗ ಇದೇ ಶಾಲೆಯಲ್ಲಿ ಕಲಿತ ಲೆಕ್ಕ ಕೆಲಸಕ್ಕೆ ಬಂತು. ಗಣಿತದ ಮೇಷ್ಟ್ರು ಮುಂದಿನ ಸಾಲಿನಲ್ಲೇ ಕೂತಿರುವುದರಿಂದ ಹೆದರುತ್ತಲೇ ಹೇಳುತ್ತೇನೆ. ಬಾಟಲಿಯ ವ್ಯಾಸ 7 ಸೆಂಟಿಮೀಟರ್, ಸುತ್ತಳತೆ 22. ನಡುವಿನಿಂದ ಬಲ ಅಂಚಿನವರೆಗೆ ಸುತ್ತಳತೆಯ ಕಾಲು ಭಾಗ, ಅಂದರೆ ಐದೂವರೆ ಸೆಂಟಿಮೀಟರ್ ಕಾಗದ ಇದೆ. ಫೋಟೋದಲ್ಲಿ ಅದು ಮೂರೂವರೆ ಸೆಂಟಿಮೀಟರ್ ಜಾಗದಲ್ಲಿ ಕೂರಬೇಕು. ಎಲ್ಲವನ್ನೂ ಒಂದೇ ಸಮ ಹಿಚುಕಿದರೆ ಸರಿಹೋಗುವುದಿಲ್ಲ. ಆ ಕಾಗದವನ್ನು ಮೂರು ಸಮ ಪಟ್ಟಿ ಮಾಡಿದರೆ, ಪ್ರತಿಯೊಂದೂ ಸುಮಾರು 1.83 ಸೆಂಟಿಮೀಟರ್. ನಡುವಿನ ಪಟ್ಟಿ 1.75 ಆಗಿ ಕಾಣುತ್ತದೆ, ಅಂದರೆ ಹೆಚ್ಚುಕಡಿಮೆ ಪೂರ್ತಿ. ಎರಡನೆಯದು 1.28. ಅಂಚಿನದು ಬರೀ 0.47. ಸೈನ್ ಕೋಷ್ಟಕದಲ್ಲಿ 30, 60, 90 ಡಿಗ್ರಿ ತೆಗೆದು ಮೂರೂವರೆಯಿಂದ ಗುಣಿಸಿ, ಹಿಂದಿನದನ್ನು ಕಳೆದರೆ ಇದೇ ಬರುತ್ತದೆ. ಅಕ್ಷರ ಅಂಚಿಗೆ ಹೋದಂತೆ ಹೀಗೆ ಕಿರಿದಾಗದಿದ್ದರೆ ಲೇಬಲ್ ಗಾಜಿನ ಮುಂದೆ ತೇಲುವ ರಟ್ಟಿನ ಹಾಗೆ ಕಾಣುತ್ತದೆ. ಉಳಿದದ್ದು ಸಣ್ಣ ಕೆಲಸ: ಮೊಬೈಲ್ ಫೋಟೋದ ಕಾಳುಕಾಳು ಹೊಸ ಅಕ್ಷರಗಳಿಗೂ ಕೊಂಚ ಹಾಕುವುದು, ಇಲ್ಲದಿದ್ದರೆ ಅವಷ್ಟೇ ಹೊಸದಾಗಿ ಮಿಂದಂತೆ ಕಾಣುತ್ತವೆ, ಬುಡದ ಕೆಳಗೆ ತೆಳುವಾದ ನೆರಳು ಬಿಡಿಸುವುದು, ಏಕೆಂದರೆ ಗಾಳಿಯಲ್ಲಿ ಹಿಡಿದಿದ್ದ ಬಾಟಲಿಗೆ ನೆಲದ ನೆರಳೇ ಇರಲಿಲ್ಲ.

ಮುಗಿದ ಮೇಲೆ ಚಿತ್ರವನ್ನು ಎಡಬಲ ತಿರುವಿ ನೋಡುತ್ತೇನೆ. ಗಂಟೆಗಟ್ಟಲೆ ನೋಡಿ ಪಳಗಿದ ಕಣ್ಣಿಗೆ ಕಾಣದ ಸೊಟ್ಟ ಆಗ ಎದ್ದು ಕಾಣುತ್ತದೆ. ಆಮೇಲೆ ಅಕ್ಕನಿಗೆ ಕಳಿಸಿ, ಕೈಯಲ್ಲಿ ನಿಜವಾದ ಬಾಟಲಿ ಹಿಡಿದುಕೊಂಡು ಅಕ್ಷರ ಅಕ್ಷರ ಓದಿಸಿದೆ. ಲೈಸೆನ್ಸಿನ 14 ಅಂಕಿಯನ್ನು ಅವರು ಎರಡು ಸಲ ಓದಿದರು.

ಈ ಕೆಲಸಕ್ಕೆ ನನಗೆ ಹಿಡಿದದ್ದು ಅರ್ಧ ದಿನಕ್ಕೂ ಹೆಚ್ಚು. ಇಲ್ಲಿ ಉಪ್ಪಿನಕಾಯಿ, ಹಪ್ಪಳ, ರಾಗಿ ಹಿಟ್ಟು ಮಾರುವವರು ಹಲವರಿದ್ದೀರಿ. ಬಾಟಲಿಯನ್ನು ಕಿಟಕಿ ಪಕ್ಕದ ಮೇಜಿನ ಮೇಲಿಟ್ಟು, ಹಿಂದೆ ಒಂದು ಬಿಳಿ ಡ್ರಾಯಿಂಗ್ ಹಾಳೆಯನ್ನು ಬಾಗಿಸಿ ನಿಲ್ಲಿಸಿ, ಕ್ಯಾಮೆರಾವನ್ನು ಬಾಟಲಿಯ ನಡುಮಟ್ಟಕ್ಕೆ ಇಳಿಸಿ ತೆಗೆಯಿರಿ. ಕೈಯಲ್ಲೇ ಹಿಡಿಯಬೇಕಾದರೆ ಕೈ ಬದಲಿಸಿ ಎರಡು ಫೋಟೋ ತೆಗೆಯಿರಿ. ಒಂದರಲ್ಲಿ ಮುಚ್ಚಿದ್ದು ಇನ್ನೊಂದರಲ್ಲಿ ಸಿಗುತ್ತದೆ. ಊಟದ ನಂತರ ಡ್ರಾಯಿಂಗ್ ಮೇಷ್ಟ್ರ ಕೊಠಡಿಯಲ್ಲಿ ಇರುತ್ತೇನೆ. ಯಾರಾದರೂ ಬಾಟಲಿ ತಂದಿದ್ದರೆ ಅಲ್ಲಿಯೇ ತೆಗೆದು ತೋರಿಸುತ್ತೇನೆ.