ಎರಡು ಹಳದಿ ದೀಪ, ನಿಂತುಹೋದ ಸ್ಪೀಡೋಮೀಟರ್



ನಾನು ಮೆಕ್ಯಾನಿಕ್ ಅಲ್ಲ. ಬಿ.ಕಾಂ. ಓದಿ ಇಲ್ಲಿ ದುಬೈನಲ್ಲಿ ಲೆಕ್ಕ ಬರೆಯುವವನು. ಕಾರಿನ ಬಗ್ಗೆ ಮಾತಾಡೋಕೆ ನಿಂತಿರೋದು ಒಂದು ಎಸ್ಟಿಮೇಟ್ ಚೀಟಿಯ ದೆಸೆಯಿಂದ. ಅದರಲ್ಲಿ ಬರೆದಿದ್ದು 2,800 ದಿರ್ಹಮ್, ಕಾರಣ 'ಎಬಿಎಸ್ ಪಂಪ್ ಹೋಗಿದೆ'. ಪಂಪಿಗೆ ಏನೂ ಆಗಿರಲಿಲ್ಲ.

ನನ್ನದು ಸೆಕೆಂಡ್ ಹ್ಯಾಂಡ್ ಕಾರು. ಮುಂದಿನ ಎಡ ಚಕ್ರದಲ್ಲಿ ಗುಂಯ್ ಅಂತ ಸದ್ದು ಬರ್ತಿತ್ತು. ಶಾರ್ಜಾದ ಒಂದು ಸಣ್ಣ ಗ್ಯಾರೇಜಿನಲ್ಲಿ ಬೇರಿಂಗ್ ಹಾಕಿಸಿದೆ. ಸದ್ದು ನಿಂತಿತು. ಆದರೆ ಮುಖ್ಯ ರಸ್ತೆಗೆ ಬರುವಷ್ಟರಲ್ಲಿ ಎಬಿಎಸ್ ದೀಪ, ಜಾರುತ್ತಿರುವ ಕಾರಿನ ಚಿತ್ರದ ದೀಪ, ಎರಡೂ ಒಟ್ಟಿಗೆ ಹತ್ತಿದವು. ಸ್ಪೀಡೋಮೀಟರ್ ಮುಳ್ಳು ಸೊನ್ನೆಗೆ ಬಿತ್ತು. ಕಾರು ಮಾತ್ರ ಚೆನ್ನಾಗೇ ಓಡ್ತಿದೆ! ಕ್ಯಾಮೆರಾ ತುಂಬಿದ ರಸ್ತೆಯಲ್ಲಿ ಎಷ್ಟು ಸ್ಪೀಡಿನಲ್ಲಿದ್ದೇನೆ ಅಂತ ಗೊತ್ತಿಲ್ಲದೆ ಮನೆ ಸೇರೋ ಹೊತ್ತಿಗೆ ಬೆವರು ಇಳಿದಿತ್ತು. ಫೋನಿನ ಮ್ಯಾಪ್ ಸ್ಪೀಡ್ ತೋರಿಸುತ್ತೆ ಅನ್ನೋದು ಆಮೇಲೆ ನೆನಪಾಯಿತು.

ಒಂದೇ ಸಲ ಮೂರು ಯಾಕೆ ಕೆಟ್ಟವು? ಕೆಟ್ಟಿದ್ದು ಒಂದೇ. ಪ್ರತಿ ಚಕ್ರದ ಹತ್ತಿರ ಹೆಬ್ಬೆರಳ ಗಾತ್ರದ ಒಂದು ಸೆನ್ಸರ್ ಇರುತ್ತೆ. ಈಗಿನ ಬಹಳಷ್ಟು ಕಾರುಗಳಲ್ಲಿ ಬೇರಿಂಗಿನ ಒಂದು ಮುಖಕ್ಕೆ ಅಯಸ್ಕಾಂತದ ತೆಳ್ಳನೆ ಪಟ್ಟಿ ಅಂಟಿಸಿರುತ್ತಾರೆ. ಚಕ್ರ ತಿರುಗಿದಾಗ ಸೆನ್ಸರ್ ಅದನ್ನು ಎಣಿಸಿ ಎಬಿಎಸ್ ಕಂಪ್ಯೂಟರಿಗೆ ಲೆಕ್ಕ ಕಳಿಸುತ್ತೆ. ಕಂಪ್ಯೂಟರ್ ನಾಲ್ಕೂ ಚಕ್ರದ ಲೆಕ್ಕ ತಾಳೆ ನೋಡುತ್ತೆ. ಒಂದು ಬರದಿದ್ದರೆ ಬ್ರೇಕ್ ಹಾಕಿದಾಗ ಆ ಚಕ್ರ ಲಾಕ್ ಆಯಿತೋ ಇಲ್ಲವೋ ಅಂತ ಅದಕ್ಕೆ ತಿಳಿಯೋದಿಲ್ಲ. ಹಾಗಾಗಿ ಎಬಿಎಸ್ ನಿಲ್ಲಿಸಿಬಿಡುತ್ತೆ. ಟ್ರ್ಯಾಕ್ಷನ್ ಕಂಟ್ರೋಲ್ ಕೂಡ ಅದೇ ಲೆಕ್ಕ ನಂಬಿರೋದರಿಂದ ಅದೂ ನಿಲ್ಲುತ್ತೆ. ಕೆಲವು ಕಾರುಗಳಲ್ಲಿ ಸ್ಪೀಡೋಮೀಟರಿಗೂ ವೇಗ ಹೋಗೋದು ಇಲ್ಲಿಂದಲೇ. ಗೇರ್‌ಬಾಕ್ಸಿನಿಂದ ವೇಗ ತೆಗೆದುಕೊಳ್ಳುವ ಕಾರಿನಲ್ಲಿ ದೀಪ ಹತ್ತಿದರೂ ಮುಳ್ಳು ಓಡುತ್ತೆ.

ಹಳದಿ ದೀಪ ಮಾತ್ರ ಇದ್ದು ಪೆಡಲ್ ಎಂದಿನಂತಿದ್ದರೆ ಮಾಮೂಲಿ ಬ್ರೇಕ್ ಹಿಡಿಯುತ್ತೆ. ಆದರೆ ಜೋರಾಗಿ ಒತ್ತಿದರೆ ಚಕ್ರ ಲಾಕ್ ಆಗಿ ಕಾರು ಜಾರಬಹುದು, ಮಳೆ ಬಿದ್ದ ದಿನವಂತೂ ಇನ್ನೂ ಸುಲಭವಾಗಿ. ನಿಧಾನಕ್ಕೆ, ಅಂತರ ಬಿಟ್ಟು ಗ್ಯಾರೇಜಿಗೆ ಹೋಗಿ. ಜೊತೆಗೆ ಕೆಂಪು ಬ್ರೇಕ್ ದೀಪವೂ ಹತ್ತಿದರೆ ಓಡಿಸಬೇಡಿ, ನಿಲ್ಲಿಸಿ ರಿಕವರಿ ವಾಹನ ಕರೆಯಿರಿ.

ಎರಡನೇ ಗ್ಯಾರೇಜಿನವರು ಸ್ಕ್ಯಾನರ್ ಹಚ್ಚದೆಯೇ ಆ 2,800ರ ಚೀಟಿ ಕೊಟ್ಟರು. ನಾನು ಒಪ್ಪದೆ ಒಬ್ಬ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಹೋದೆ. ಆತ 100 ದಿರ್ಹಮ್ ತಗೊಂಡು ಎಬಿಎಸ್ ಓದುವ ಸ್ಕ್ಯಾನರ್ ಹಾಕಿದ. (ಅಗ್ಗದ ಸ್ಕ್ಯಾನರ್ ಸಾಮಾನ್ಯವಾಗಿ ಇಂಜಿನ್ ಕೋಡ್ ಮಾತ್ರ ಓದುತ್ತೆ, 'ಏನೂ ಫಾಲ್ಟ್ ಇಲ್ಲ' ಅಂದುಬಿಡುತ್ತೆ.) ಬಂದ ಕೋಡ್ C0205, ನನ್ನ ಕಾರಿನಲ್ಲಿ ಅದು ಮುಂದಿನ ಎಡ ಚಕ್ರ. ಬೇರೆ ಕಂಪನಿಯ ಕಾರಿಗೆ ನಂಬರ್ ಬೇರೆ ಇರಬಹುದು.

ಕೋಡ್ ಚಕ್ರವನ್ನು ತೋರಿಸುತ್ತೆ ಅಷ್ಟೇ. ಸೆನ್ಸರ್ ಸತ್ತಿದೆಯೋ, ವೈರ್ ಹರಿದಿದೆಯೋ, ಪಟ್ಟಿ ಹಾಳಾಗಿದೆಯೋ ಹೇಳೋದಿಲ್ಲ. ಆದ್ದರಿಂದ 'ಲೈವ್ ಡೇಟಾ ದಿಖಾವೋ' ಅಂತ ಕೇಳಿ. ನಮ್ಮ ಕಾರನ್ನು ನಿಧಾನಕ್ಕೆ ಓಡಿಸಿದಾಗ ಮೂರು ಚಕ್ರ 30 ತೋರಿಸಿದವು, ಎಡ ಮುಂದಿನದು 0. ಆತ ಮೊದಲು ಸ್ಟೀರಿಂಗ್ ತಿರುಗಿಸಿದಾಗ ಬಾಗುವ ಜಾಗದಲ್ಲಿ ವೈರ್ ನೋಡಿದ, ಕನೆಕ್ಟರ್ ಬಿಚ್ಚಿ ನೋಡಿದ. ಸರಿಯಿತ್ತು. 150 ಕೊಟ್ಟು ಹೊಸ ಸೆನ್ಸರ್ ಹಾಕಿದರೂ 0. ಆ ದುಡ್ಡು ದಂಡ. ಅಲ್ಲಿಗೆ ಮೊದಲೇ ಬೇರಿಂಗ್ ಹಾಕಿಸಿದ್ದು ಯಾವಾಗ ಅಂತ ಆತ ಕೇಳಬೇಕಿತ್ತು, ನಾನೂ ಹೇಳಬೇಕಿತ್ತು.

ಬಿಚ್ಚಿ ನೋಡಿದರೆ ಬೇರಿಂಗ್ ತಿರುವುಮುರುವು! ಅಯಸ್ಕಾಂತದ ಪಟ್ಟಿ ಇರುವ ಮುಖ ಸೆನ್ಸರ್ ಕಡೆ ಇರಬೇಕು, ಅದು ಆಚೆ ಕಡೆ ಕೂತಿತ್ತು. ಎರಡೂ ಮುಖ ನೋಡೋಕೆ ಹೆಚ್ಚುಕಮ್ಮಿ ಒಂದೇ ಥರ. ಹಾಕೋ ಮೊದಲು ಹಗುರವಾದ ಪೇಪರ್ ಕ್ಲಿಪ್ ತಾಗಿಸಿದರೆ ಪಟ್ಟಿ ಇರುವ ಕಡೆ ಮೆಲ್ಲಗೆ ಹಿಡಿಯುತ್ತೆ. ದೊಡ್ಡ ಅಯಸ್ಕಾಂತ ಮಾತ್ರ ಹತ್ತಿರ ತರಬೇಡಿ, ಪಟ್ಟಿಯೇ ಕೆಡುತ್ತೆ. ಒತ್ತಿ ಕೂರಿಸಿದ ಬೇರಿಂಗನ್ನು ಹೊರಗೆ ತೆಗೆದರೆ ಮತ್ತೆ ಬಳಸೋಕೆ ಆಗೋದಿಲ್ಲ, ಹೊಸದೇ ಬೇಕಾಯಿತು.

ಮೊದಲ ಗ್ಯಾರೇಜಿನ ಬಿಲ್ಲಿನಲ್ಲಿ ತಾರೀಕು, 'ಮುಂದಿನ ಎಡ ಬೇರಿಂಗ್' ಅಂತ ಬರೆಸಿಟ್ಟುಕೊಂಡಿದ್ದೆ. ತೆಗೆದ ಬೇರಿಂಗ್, ಸ್ಕ್ಯಾನರ್ ಪರದೆಯ ಫೋಟೋ, ಆ ಬಿಲ್ಲು ಮೂರನ್ನೂ ಅವರ ಮುಂದಿಟ್ಟೆ. ಸ್ವಲ್ಪ ಗೊಣಗಿದರು, ಆದರೆ ಹೊಸ ಬೇರಿಂಗ್ ದುಡ್ಡು, ಕೂಲಿ ಎರಡನ್ನೂ ಅವರೇ ಹಾಕಿಕೊಂಡರು. ಸ್ಕ್ಯಾನಿಂಗಿನ 100, ಸೆನ್ಸರಿನ 150 ಮಾತ್ರ ನನ್ನ ಖಾತೆಗೆ. ಹಳೇ ಸೆನ್ಸರ್ ಈಗಲೂ ಡಿಕ್ಕಿಯಲ್ಲಿದೆ, ಚೆನ್ನಾಗೇ ಇದೆ.