ಕುಂದಾಪುರದ ‘ಇತ್ತ್’ ಇಂಗ್ಲಿಷಿಗೆ ಹೋಗುವಾಗ
(ದುಬೈನ ನೈಫ್‌ನಲ್ಲಿ ಸೇರಿದ್ದ ಕನ್ನಡಿಗರ ಕೂಟದಲ್ಲಿ ಆಡಿದ ಮಾತುಗಳ ಬರಹರೂಪ)



ಹತ್ತಾರು ವರ್ಷಗಳ ಹಿಂದೆ ಇಲ್ಲಿಗೆ ಬಂದು ಅಂಗಡಿ, ಹೋಟೆಲುಗಳಲ್ಲಿ ದುಡಿದ ಕರಾವಳಿಯ ಹಿರಿಯರ ನೆನಪುಗಳನ್ನು ನಮ್ಮಲ್ಲಿ ಕೆಲವರು ರೆಕಾರ್ಡ್ ಮಾಡಿಕೊಳ್ಳುತ್ತಿದ್ದಾರೆ. ಇಲ್ಲಿ ಹುಟ್ಟಿ ಬೆಳೆದ ಮೊಮ್ಮಕ್ಕಳು ಅದನ್ನು ಇಂಗ್ಲಿಷಿನಲ್ಲೇ ಓದುವವರು. ಅಂದರೆ ಅಜ್ಜ ಆಡಿದ್ದಲ್ಲ, ನಾವು ಅನುವಾದ ಮಾಡಿದ್ದೇ ಅವರ ಪಾಲಿಗೆ ಅಜ್ಜನ ಮಾತು. ಹಾಗಾಗಿ ಕುಂದಾಪುರ ಕನ್ನಡದ ಮೂರೇ ಮೂರು ಪದಗಳನ್ನು ಹಿಡಿದು ಈ ಕೆಲಸದ ಕಷ್ಟ ಎಲ್ಲಿದೆ ಎಂದು ಹೇಳುತ್ತೇನೆ.

ಮೊದಲನೆಯದು ‘ಇತ್ತ್’. ಒಬ್ಬ ಹಿರಿಯರು ನೈಫ್ ಸೂಕಿನ ವಿಷಯ ಮಾತಾಡುತ್ತಾ “ನಮ್ದೊಂದ್ ಅಂಗ್ಡಿ ಇತ್ತ್” ಎನ್ನುತ್ತಾರೆ ಎಂದಿಟ್ಟುಕೊಳ್ಳಿ. ಬೆಂಗಳೂರು, ಮೈಸೂರಿನ ಕಿವಿಗೆ ಇದು ‘ಇತ್ತು’. ಕೂಡಲೇ ಅಂಗಡಿ ಹಿಂದೆ ಇತ್ತು, ಈಗಿಲ್ಲ ಎಂದು ಇಂಗ್ಲಿಷಿನಲ್ಲಿ ಬರೆದುಬಿಡುತ್ತೇವೆ. ಆದರೆ ಕುಂದಾಪುರದ ಕಡೆ ‘ಇತ್ತ್’ ಎಂದರೆ ‘ಇದೆ’. ಹಿಂದೆ ಇದ್ದದ್ದಕ್ಕೆ ಅವರು ‘ಇದ್ದಿತ್ತ್’ ಎನ್ನುತ್ತಾರೆ. ನೈಫ್ ಸೂಕು 2008ರಲ್ಲಿ ಬೆಂಕಿಗೆ ಸುಟ್ಟುಹೋಗಿ ಆಮೇಲೆ ಹೊಸದಾಗಿ ಕಟ್ಟಿದ ಮಾರುಕಟ್ಟೆ ಎನ್ನುವುದು ನಿಮಗೆಲ್ಲ ಗೊತ್ತು. ಈ ಒಂದು ಪದ ತಪ್ಪಿದರೆ, ಬೆಂಕಿಯ ನಂತರವೂ ಅಂಗಡಿ ಉಳಿಸಿಕೊಂಡ ಮನುಷ್ಯ ಇಂಗ್ಲಿಷಿನಲ್ಲಿ ಎಲ್ಲವನ್ನೂ ಕಳೆದುಕೊಂಡವನಾಗುತ್ತಾನೆ. ಓದುವವರಿಗೆ ಅನುಮಾನವೂ ಬರುವುದಿಲ್ಲ, ಏಕೆಂದರೆ ಇಂಗ್ಲಿಷ್ ವಾಕ್ಯದಲ್ಲಿ ವ್ಯಾಕರಣದ ತಪ್ಪೇನೂ ಇರುವುದಿಲ್ಲ.

ಇದನ್ನು ಕಂಡುಹಿಡಿಯುವುದು ಹೇಗೆ? ಅದೇ ಹಿರಿಯರು ಖಂಡಿತವಾಗಿ ಮುಗಿದುಹೋದ ಸಂಗತಿಯನ್ನು, ಉದಾಹರಣೆಗೆ ತೀರಿಹೋದ ತಂದೆಯ ಕಾಲದ ಮನೆಯನ್ನು, ಹೇಗೆ ಹೇಳುತ್ತಾರೆ ಎಂದು ರೆಕಾರ್ಡಿಂಗಿನಲ್ಲಿ ಹುಡುಕಿ. ಅಲ್ಲಿ ‘ಇದ್ದಿತ್ತ್’ ಸಿಕ್ಕರೆ, ಅಂಗಡಿಯ ‘ಇತ್ತ್’ ಈಗಿನದ್ದೇ. ಆದರೆ ಗಲ್ಫಿನಲ್ಲಿ ನಾನಾ ಊರಿನವರ ಜೊತೆ ಬಾಳಿ ಕೆಲವರ ಮಾತಿನಲ್ಲಿ ಬರಹಗನ್ನಡದ ‘ಇತ್ತು’ ಕೂಡ ಬೆರೆತಿರುತ್ತದೆ. ಅಂಥ ಕಡೆ ಊಹೆ ಬೇಡ, ಅವರನ್ನೇ ಮತ್ತೆ ಕೇಳುವುದೊಂದೇ ದಾರಿ.

ಎರಡನೆಯದು ‘ಅದ್’. ಹಿರಿಯರು ಹೆಂಡತಿಯ ಬಗ್ಗೆ ಹೇಳುವಾಗ “ಅದ್ ಬಂತ್” ಎನ್ನಬಹುದು. ಮನೆಯ ಹೆಣ್ಣುಮಕ್ಕಳನ್ನು ‘ಅದು’ ಎನ್ನುವುದು ನಮ್ಮ ಕರಾವಳಿಯಲ್ಲಿ ಸಲಿಗೆಯ ಮಾತು. ಪದಕ್ಕೆ ಪದ ಇಟ್ಟು ‘ಇಟ್’ ಎಂದು ಬರೆದರೆ, ಹೆಂಡತಿಯನ್ನು ವಸ್ತುವಿನಂತೆ ಕಂಡ ಗಂಡ ಎಂದು ಮೊಮ್ಮಗಳು ತಿಳಿಯುತ್ತಾಳೆ. ಇಲ್ಲಿ ‘ಶೀ’ ಎಂದೇ ಬರೆಯಬೇಕು. ಆ ಸಲಿಗೆ ಇಂಗ್ಲಿಷಿನಲ್ಲಿ ಉಳಿಯುವುದಿಲ್ಲ. ಅದನ್ನು ಮೊದಲ ಸಲ ಬಂದ ಕಡೆ ಒಂದು ಅಡಿಟಿಪ್ಪಣಿಯಲ್ಲಿ ಹೇಳಿದರೆ ಸಾಕು.

ಮೂರನೆಯದು ‘ರೂಪಾಯಿ’. ಇದು ಸುಲಭ ಎನಿಸುತ್ತದೆ, ಆದರೆ ಯಾವ ರೂಪಾಯಿ? ಮೊದಲು ಇಲ್ಲಿ ಭಾರತದ ರೂಪಾಯಿಯೇ ಓಡುತ್ತಿತ್ತು. 1959ರಿಂದ ಭಾರತದ ರಿಸರ್ವ್ ಬ್ಯಾಂಕು ಗಲ್ಫಿಗೆಂದೇ ಬೇರೆ ರೂಪಾಯಿ ನೋಟು ಹೊರಡಿಸಿತು. 1966ರ ಜೂನಿನಲ್ಲಿ ಭಾರತ ರೂಪಾಯಿಯ ಬೆಲೆ ಇಳಿಸಿದಾಗ ದುಬೈ ಅದನ್ನು ಕೈಬಿಟ್ಟು ರಿಯಾಲ್ ಹಿಡಿಯಿತು. ದಿರ್ಹಮ್ ಬಂದದ್ದು 1973ರಲ್ಲಿ. ಹಳೇ ರೂಢಿಯಿಂದ ದಿರ್ಹಮಿಗೂ ರೂಪಾಯಿ ಎನ್ನುವವರಿದ್ದಾರೆ. ಆದ್ದರಿಂದ “ತಿಂಗ್ಳಿಗೆ ಇನ್ನೂರ್ ರೂಪಾಯಿ” ಎಂಬ ಸಂಬಳವನ್ನು ಅನುವಾದಿಸುವ ಮೊದಲು ಅದು ಯಾವ ವರ್ಷದ ಮಾತು ಎಂದು ಗೊತ್ತಾಗಬೇಕು. ವರ್ಷ ನೆನಪಿಲ್ಲದಿದ್ದರೆ ದೊಡ್ಡ ಮಗ ಹುಟ್ಟುವ ಮೊದಲೋ ಆಮೇಲೋ ಎಂದು ಕೇಳಿ, ಉತ್ತರ ಸಿಗುತ್ತದೆ. ಅನುವಾದದಲ್ಲಿ ‘ರೂಪಾಯಿ’ ಎಂದೇ ಬಿಟ್ಟು, ಪಕ್ಕದಲ್ಲಿ ವಿವರ ಕೊಡಿ. ನಾವೇ ದಿರ್ಹಮಿಗೆ ಲೆಕ್ಕ ಹಾಕಿ ತಿದ್ದುವುದು ಬೇಡ.

ಇನ್ನು ಕೆಲಸದ ಕ್ರಮ. ಕಿವಿಯಿಂದ ನೇರವಾಗಿ ಇಂಗ್ಲಿಷಿಗೆ ಜಿಗಿಯಬೇಡಿ. ಒಂದು ಹಾಳೆಯಲ್ಲಿ ಮೂರು ಸಾಲು ಕಂಬ ಹಾಕಿಕೊಳ್ಳಿ. ಮೊದಲನೆಯದರಲ್ಲಿ ನಿಮಿಷ, ಸೆಕೆಂಡಿನ ಗುರುತಿನೊಂದಿಗೆ ಕೇಳಿದ್ದನ್ನು ಕೇಳಿದ ಹಾಗೇ ಕನ್ನಡ ಲಿಪಿಯಲ್ಲಿ ಬರೆಯಿರಿ. ‘ಇತ್ತ್’ ಅನ್ನು ‘ಇತ್ತು’ ಎಂದು ತಿದ್ದಬೇಡಿ. ಎರಡನೆಯದರಲ್ಲಿ ಬರಹಗನ್ನಡದ ಅರ್ಥ, ಮೂರನೆಯದರಲ್ಲಿ ಇಂಗ್ಲಿಷ್. ನಡುವಿನ ಕಂಬ ವ್ಯರ್ಥ ಕೆಲಸವೆನಿಸಬಹುದು, ಆದರೆ ‘ಇತ್ತ್’ ಅನ್ನು ‘ಇದೆ’ ಎಂದು ತೀರ್ಮಾನಿಸುವುದು ಅಲ್ಲಿಯೇ. ಮುಂದೆ ಯಾರಾದರೂ ತಪ್ಪು ಹುಡುಕಿದರೆ ಅದು ಕಿವಿಯ ತಪ್ಪೋ, ಅರ್ಥದ ತಪ್ಪೋ, ಇಂಗ್ಲಿಷಿನ ತಪ್ಪೋ ಎಂದು ತಿಳಿಯುತ್ತದೆ. ಕೊನೆಗೆ ಕುಂದಾಪುರದ ಕಡೆಯವರೊಬ್ಬರಿಗೆ ಇಂಗ್ಲಿಷ್ ತೋರಿಸದೆ ರೆಕಾರ್ಡಿಂಗ್ ಕೇಳಿಸಿ, ಅವರು ಹೇಳಿದ ಅರ್ಥವನ್ನು ನಮ್ಮದರ ಜೊತೆ ಹೋಲಿಸಿ ನೋಡಬೇಕು.

ಇಂಗ್ಲಿಷ್ ಶಿಷ್ಟವಾಗಿಯೇ ಇರಲಿ. ಹಳ್ಳಿಯ ಸೊಗಡು ತರುತ್ತೇವೆಂದು ಹರುಕುಮುರುಕು ಇಂಗ್ಲಿಷ್ ಬರೆದರೆ, ತನ್ನ ನುಡಿಯಲ್ಲಿ ಅಚ್ಚುಕಟ್ಟಾಗಿ ಮಾತಾಡಿದ ಮನುಷ್ಯನನ್ನು ಮಾತು ಬಾರದವನೆಂದು ತೋರಿಸಿದಂತೆ. ಸೊಗಡು ಬೇಕಾದವರಿಗೆ ಮೊದಲ ಕಂಬ ಇದೆ, ದನಿಯೂ ಇದೆ. ಇಂಗ್ಲಿಷ್ ಸಿದ್ಧವಾಯಿತೆಂದು ಅವೆರಡನ್ನೂ ಅಳಿಸಬೇಡಿ.

ನಿಮ್ಮಲ್ಲಿ ಬೈಂದೂರು, ಕುಂದಾಪುರ, ಬ್ರಹ್ಮಾವರದ ಕಡೆಯವರು ಯಾರಿದ್ದೀರೋ, ಸಭೆ ಮುಗಿದ ಮೇಲೆ ದಯವಿಟ್ಟು ಹೆಸರು ಕೊಟ್ಟು ಹೋಗಿ. ನಮಗೆ ಬೇಕಿರುವುದು ನಿಮ್ಮ ಕಿವಿ.